ಹಂಚಿನ ಮನೆಯ ಬೆಳಕಿನ ಲೆಕ್ಕ

ಅಂಕೋಲಾ ಪೇಟೆಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಬಲ್ಬಿನ ವ್ಯಾಪಾರ ಒಂದು ನಿಮಿಷವೂ ಹಿಡಿಯುವುದಿಲ್ಲ. ‘ಒಂಬತ್ತರದ್ದೋ, ಹನ್ನೆರಡರದ್ದೋ?’ ಎಂದು ಅಂಗಡಿಯವರು ಕೇಳುತ್ತಾರೆ, ಗಿರಾಕಿ ವ್ಯಾಟ್ ಹೇಳುತ್ತಾನೆ, ಗಲ್ಲೆಯ ಪಕ್ಕದ ಹೋಲ್ಡರಿಗೆ ಸಿಕ್ಕಿಸಿ ಉರಿಸಿ ತೋರಿಸಿದರೆ ಮುಗಿಯಿತು. ಬಣ್ಣದ ಮಾತು ಸಾಮಾನ್ಯವಾಗಿ ಏಳುವುದೇ ಇಲ್ಲ. ಕೇಳದೆ ಕೈಗೆ ಬರುವುದು ಡಬ್ಬಿಯ ಮೇಲೆ 6500 ಎಂದು ಬರೆದಿರುವ ಅಚ್ಚ ಬಿಳಿ ಬಲ್ಬು. ಅದೇ ಅಡುಗೆಮನೆಗೆ, ಅದೇ ಮಕ್ಕಳು ಓದುವ ಮೇಜಿಗೆ, ಅದೇ ಮಲಗುವ ಕೋಣೆಗೆ. ಹಳದಿಯದು ಬೇಕೆಂದವರಿಗೆ ‘ದೇವರ ಕೋಣೆಗಾ?’ ಎಂಬ ಮರುಪ್ರಶ್ನೆ ಬಂದರೂ ಆಶ್ಚರ್ಯವಿಲ್ಲ.

ಬಿಳಿಯ ಮೇಲಿನ ಈ ಮೋಹಕ್ಕೆ ಕಾರಣವಿದೆ. ತಂತಿಯ ಬಲ್ಬುಗಳ ಕಾಲದಲ್ಲಿ ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತಿತ್ತು. ವೋಲ್ಟೇಜ್ ಇಳಿದಂತೆ ಒಳಗಿನ ತಂತಿಯ ಕಾವೂ ಇಳಿದು ಬಲ್ಬು ಕೆಂಪಗೆ, ಕೆಂಡದ ಹಾಗೆ ಕಾಣುತ್ತಿತ್ತು. ಕರೆಂಟು ಇದ್ದೂ ಇಲ್ಲದ ಆ ಸ್ಥಿತಿಯನ್ನು ಕಂಡವರಿಗೆ ಹಳದಿ ಬೆಳಕೆಂದರೆ ಬಡತನದ ಬೆಳಕು. ಟ್ಯೂಬ್‌ಲೈಟ್ ಹಾಕಿಸಿದ ಮನೆ ಅನುಕೂಲಸ್ಥರ ಮನೆ. ಟ್ಯೂಬಿನ ಹಿಂದೆ ಸಿಎಫ್‌ಎಲ್ ಬಂತು, ಅದೂ ಬಿಳಿ. 2015ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ‘ಹೊಸ ಬೆಳಕು’ ಯೋಜನೆ ಶುರುಮಾಡಿ 9 ವ್ಯಾಟ್ ಎಲ್‌ಇಡಿಗಳನ್ನು ಅಗ್ಗದಲ್ಲಿ ಹಂಚಿದಾಗ ಮನೆಮನೆಗೆ ಹೋದವೂ ಬಿಳಿಯವೇ. ಹೀಗೆ ಒಂದೆರಡು ತಲೆಮಾರಿನ ಕಣ್ಣು ಬಿಳಿಗೆ ಪಳಗಿಹೋಯಿತು. ವಿದ್ಯುತ್ ಉಳಿಯಿತು ಎಂಬುದು ನಿಜ, ದೊಡ್ಡ ಲಾಭವೂ ಹೌದು. ಆದರೆ ಯಾವ ಕೆಲಸಕ್ಕೆ ಯಾವ ಬೆಳಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಡಬ್ಬಿಯ ಮೇಲೆ ಎರಡು ಅಂಕಿಗಳನ್ನು ಹುಡುಕಬೇಕು. ಮೊದಲನೆಯದು ಬಣ್ಣದ ತಾಪಮಾನ, ಕೆಲ್ವಿನ್ ಲೆಕ್ಕದ್ದು. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿದಾಗ ಅದು ಮೊದಲು ಕೆಂಪಾಗಿ, ಕಾವೇರಿದಂತೆ ಕಿತ್ತಳೆಯಾಗಿ, ಹಳದಿಯಾಗಿ ಬಿಳಿಯತ್ತ ಹೋಗುತ್ತದಲ್ಲ, ಲೆಕ್ಕ ಹುಟ್ಟಿದ್ದು ಅಲ್ಲಿಂದ. ಕಾವು ಇನ್ನೂ ಏರಿಸಲು ಸಾಧ್ಯವಾದರೆ ಬೆಳಕು ನೀಲಿಯತ್ತ ವಾಲುತ್ತದೆ. ಎಣ್ಣೆ ದೀಪದ ಬೆಳಕು ಸುಮಾರು 1900, ಹಳೆಯ ತಂತಿ ಬಲ್ಬು 2700, ನಡುಮಧ್ಯಾಹ್ನದ ಬಿಸಿಲು 5500ರ ಆಸುಪಾಸು, ಆಷಾಢದ ಮೋಡ ಕವಿದ ಆಕಾಶ 6500 ಮತ್ತು ಮೇಲೆ. ನಮ್ಮ ಅಂಗಡಿಗಳಲ್ಲಿ ಸಿಗುವ ಎಲ್‌ಇಡಿಗಳಲ್ಲಿ ‘ವಾರ್ಮ್ ವೈಟ್’ ಎಂದರೆ 2700 ಇಲ್ಲವೇ 3000, ‘ನ್ಯಾಚುರಲ್ ವೈಟ್’ ಎಂದರೆ 4000, ‘ಕೂಲ್ ಡೇಲೈಟ್’ ಎಂದರೆ 6500.

ಎರಡನೆಯದು ಲ್ಯೂಮೆನ್. ವ್ಯಾಟ್ ಎನ್ನುವುದು ಬಲ್ಬು ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದರ ಲೆಕ್ಕ, ಲ್ಯೂಮೆನ್ ಅದು ಎಷ್ಟು ಬೆಳಕು ಕೊಡುತ್ತದೆ ಎಂಬುದರದ್ದು. ಹಿಂದಿನ 60 ವ್ಯಾಟ್ ಬಲ್ಬು 700 ಲ್ಯೂಮೆನ್ ಕೊಡುತ್ತಿತ್ತು. ಇಂದಿನ 9 ವ್ಯಾಟ್ ಎಲ್‌ಇಡಿ 800ರಿಂದ 900 ಕೊಡುತ್ತದೆ. ಆದರೆ ಬಲ್ಬು ಕೊಟ್ಟ ಬೆಳಕೆಲ್ಲ ನಮ್ಮ ತರಕಾರಿಯ ಮೇಲೋ ಪುಸ್ತಕದ ಮೇಲೋ ಬೀಳುವುದಿಲ್ಲ. ಕೆಲಸದ ಜಾಗಕ್ಕೆ ಬಿದ್ದ ಬೆಳಕಿನ ಅಳತೆ ಲಕ್ಸ್. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ಬಲ್ಬಿನ ದೂರ ಇಮ್ಮಡಿಯಾದರೆ ಲಕ್ಸ್ ಕಾಲು ಪಾಲಿಗೆ ಇಳಿಯುತ್ತದೆ. ಮುಂದೆ ಬರುವ ಬಹುಪಾಲು ಲೆಕ್ಕ ಈ ಒಂದು ನಿಯಮದ ಮೇಲೆ ನಿಂತಿದೆ.

ಇಲ್ಲಿ ನಮ್ಮ ಕರಾವಳಿ ಮನೆಯ ಸ್ವಭಾವ ಅಡ್ಡ ಬರುತ್ತದೆ. ಬೆಳಕಿನ ಕೈಪಿಡಿಗಳೆಲ್ಲ ಬಿಳಿ ಸುಣ್ಣದ ತಾರಸಿ, ತಿಳಿ ಬಣ್ಣದ ಗೋಡೆ ಇರುವ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಬಿಳಿ ತಾರಸಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಪ್ಪತ್ತು ಎಂಬತ್ತು ಪಾಲನ್ನು ಕೆಳಗೆ ಮರಳಿ ಕಳಿಸುತ್ತದೆ. ಅಂಕೋಲಾ, ಅವರ್ಸಾ, ಬೇಲೇಕೇರಿ ಕಡೆಯ ಹಳೆಯ ಮನೆಗಳಲ್ಲಿ ತಾರಸಿಯೇ ಇಲ್ಲ. ಮೇಲೆ ಪಕಾಸಿ, ರೀಪು, ಅದರ ಮೇಲೆ ಹೊಗೆಯಿಂದ ಕರಿದಾದ ಮಂಗಳೂರು ಹಂಚು. ಮೇಲಕ್ಕೆ ಹೋದ ಬೆಳಕು ಹೋದದ್ದೇ. ಗೋಡೆ ಚಿರೆಕಲ್ಲಿನದು, ನೆಲ ಕೆಂಪು ಕಾವಿಯದು; ಇವೂ ಬೆಳಕನ್ನು ಹೀರುವ ಬಣ್ಣಗಳೇ, ಮರಳಿ ಕೊಟ್ಟ ಅಲ್ಪ ಬೆಳಕನ್ನೂ ಕೆಂಪಾಗಿಸಿ ಕೊಡುತ್ತವೆ. ಪಕ್ಕದ ಸ್ಲ್ಯಾಬ್ ಮನೆಯಲ್ಲಿ ಕೋಣೆ ತುಂಬ ಬೆಳಗುವ 9 ವ್ಯಾಟ್ ಬಲ್ಬು ಹಂಚಿನ ಮನೆಯಲ್ಲಿ ಮಿಣುಕುವುದು ಇದರಿಂದ. ಬಲ್ಬನ್ನು ದೂರಿ ಪ್ರಯೋಜನವಿಲ್ಲ.

ಹಾಗೆ ಮಂಕಾಗಿ ಕಂಡಾಗ ಜನ ಇನ್ನೂ ಬಿಳಿಯದನ್ನು ಕೊಳ್ಳುತ್ತಾರೆ. ಅದರಿಂದ ಮಂಕು ಹೆಚ್ಚುವ ಸಂಭವವೇ ಹೆಚ್ಚು. ಹಾಲೆಂಡಿನ ಫಿಲಿಪ್ಸ್ ಕಂಪನಿಯಲ್ಲಿದ್ದ ಕ್ರೂಟ್‌ಹಾಫ್ ಎಂಬ ಭೌತವಿಜ್ಞಾನಿ 1941ರಲ್ಲಿ ಒಂದು ರೇಖಾಚಿತ್ರ ಪ್ರಕಟಿಸಿದರು: ಬೆಳಕು ಕಡಿಮೆಯಿದ್ದಾಗ ಹಳದಿ ಛಾಯೆ ಹಿತವೆನಿಸುತ್ತದೆ, ಅದೇ ಮಂದ ಬೆಳಕು ನೀಲಿಬಿಳಿಯಾಗಿದ್ದರೆ ಬೂದು ಹಿಡಿದಂತೆ, ಶೀತ ಹಿಡಿಸಿದಂತೆ ಕಾಣುತ್ತದೆ ಎಂಬುದು ಅದರ ಸಾರ. ಆಮೇಲಿನ ಪ್ರಯೋಗಗಳಲ್ಲಿ ಹಲವು ಈ ಚಿತ್ರವನ್ನು ಪೂರ್ತಿ ಒಪ್ಪಲಿಲ್ಲ, ಆದ್ದರಿಂದ ಅದನ್ನು ಶಾಸನವೆಂದು ಹಿಡಿಯಬೇಕಿಲ್ಲ. ಆದರೂ ಹಂಚಿನ ಮಾಡಿನ ಕೆಳಗೆ ಒಂದೇ ಒಂದು 6500ರ ಬಲ್ಬು ಉರಿಯುವ ಕೋಣೆಯನ್ನು ಮಳೆಗಾಲದ ಸಂಜೆ ಕಂಡವರಿಗೆ ಕ್ರೂಟ್‌ಹಾಫ್ ಏನು ಹೇಳಿದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಅಡುಗೆಮನೆ, ಯಾಕೆಂದರೆ ಸಂಜೆ ಮೊದಲು ದೀಪ ಹತ್ತುವುದು ಅಲ್ಲಿ. ಮಳೆಗಾಲದಲ್ಲಿ ಹಗಲೇ ಹತ್ತುತ್ತದೆ.

ಹತ್ತಡಿಗೆ ಹನ್ನೆರಡಡಿಯ ಒಂದು ಅಡುಗೆಮನೆಯನ್ನು ಹಿಡಿಯೋಣ. ನಟ್ಟನಡುವೆ ಪಕಾಸಿಯಿಂದ ವಯರು ಇಳಿಬಿಟ್ಟು 9 ವ್ಯಾಟ್ ಬಲ್ಬು ಹಾಕಿದೆ. ಕಟ್ಟೆ ಇರುವುದು ಗೋಡೆಯ ಬದಿಗೆ. ಅಡುಗೆ ಮಾಡುವವರು ಗೋಡೆಯತ್ತ ಮುಖಮಾಡಿ ನಿಂತರೆ ಬಲ್ಬು ಬೆನ್ನ ಹಿಂದೆ. ಅಂದರೆ ಅವರ ನೆರಳೇ ಈಳಿಗೆಮಣೆಯ ಮೇಲೆ, ಬಾಣಲೆಯ ಮೇಲೆ. ಬಲ್ಬನ್ನು 12 ವ್ಯಾಟಿಗೆ ಏರಿಸಿದರೆ ಸುತ್ತಲಿನ ಬೆಳಕು ಹೆಚ್ಚುತ್ತದೆಯೇ ಹೊರತು ನೆರಳು ಹೋಗುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕ ಅಡುಗೆಮನೆಗೆ 200 ಲಕ್ಸ್, ಪಾತ್ರೆ ತೊಳೆಯುವ ಸಿಂಕಿಗೆ 300 ಲಕ್ಸ್ ಹೇಳುತ್ತದೆ. ನೆರಳು ಬಿದ್ದ ಕಟ್ಟೆಯಲ್ಲಿ 30 ಲಕ್ಸ್ ಸಿಕ್ಕರೆ ಪುಣ್ಯ.

ಇದಕ್ಕೆ ಮದ್ದು ಬೆಳಕಿನ ಜಾಗ ಬದಲಿಸುವುದು. ಕಟ್ಟೆಯ ಮೇಲೆ ಡಬ್ಬಿ ಇಡುವ ಹಲಗೆ ಇದ್ದೇ ಇರುತ್ತದೆ. ಅದರ ಅಡಿಗೆ, ಮುಂಭಾಗದ ಅಂಚಿನ ಹತ್ತಿರ, ಎರಡಡಿಯ 10 ವ್ಯಾಟ್ ಎಲ್‌ಇಡಿ ಪಟ್ಟಿ ಕೂರಿಸಿದರೆ ಅದು ಕಟ್ಟೆಗೆ ಎರಡಡಿ ದೂರದಲ್ಲಿರುತ್ತದೆ. ಅಂಥ ಪಟ್ಟಿ ಸಾವಿರ ಲ್ಯೂಮೆನ್ ಕೊಡುವಂಥದ್ದಾದರೆ ನೇರ ಕೆಳಗೆ 500 ಲಕ್ಸ್ ದಾಟುತ್ತದೆ. ನೆರಳಿನ ಮಾತೇ ಇಲ್ಲ, ಬೆಳಕು ಆಳಿಗೂ ಗೋಡೆಗೂ ನಡುವೆ ಬಂದಿತಲ್ಲ. ಪಟ್ಟಿಯನ್ನು ಒಲೆಯ ನೇರ ಮೇಲೆ ಹಾಕಬಾರದು. ಆವಿ, ಎಣ್ಣೆಯ ಹೊಗೆ ಎರಡೂ ಸೇರಿ ಒಂದೇ ಮಳೆಗಾಲದಲ್ಲಿ ಅದರ ಮೈಗೆ ಜಿಡ್ಡಿನ ಪೊರೆ ಕಟ್ಟುತ್ತದೆ. ಕೊಚ್ಚುವ ಜಾಗ, ತೊಳೆಯುವ ಜಾಗಗಳ ಮೇಲಿರಲಿ. ಅರುವತ್ತು ದಾಟಿದ ಕಣ್ಣಿನ ಹಿಂಭಾಗಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ. ಅಕ್ಕಿಯಲ್ಲಿ ಕಲ್ಲು ಆರಿಸುವುದು ಮನೆಯ ಅಜ್ಜಿಯ ಪಾಲಿನ ಕೆಲಸವಾಗಿದ್ದರೆ 200ರ ಲೆಕ್ಕವನ್ನು ಮರೆತು 500 ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಬಣ್ಣ. ಅಡುಗೆಮನೆಯಲ್ಲಿ ನೋಡಬೇಕಾದ್ದು ಬಿಳಿಯೋ ಹಳದಿಯೋ ಎಂಬುದಕ್ಕಿಂತ ಹೆಚ್ಚಾಗಿ ಆ ಬೆಳಕಿನಲ್ಲಿ ವಸ್ತುವಿನ ನಿಜಬಣ್ಣ ಕಾಣುತ್ತದೆಯೇ ಎಂದು. ಸಂಜೆ ಬಂದ ಬಂಗಡೆಯನ್ನೇ ತೆಗೆದುಕೊಳ್ಳಿ. ತಾಜಾ ಮೀನಿನ ಕಿವಿರು ರಕ್ತಗೆಂಪು, ಹಳತಾದಂತೆ ಅದು ಕಂದಿ ಇಟ್ಟಿಗೆ ಬಣ್ಣಕ್ಕೆ, ಕೊನೆಗೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಈ ಮೂರರ ನಡುವಿನ ವ್ಯತ್ಯಾಸ ಇರುವುದು ಕೆಂಪಿನಲ್ಲಿ. ಅಗ್ಗದ ಬಿಳಿ ಎಲ್‌ಇಡಿ ಕೆಂಪಿನಲ್ಲೇ ಬಡವಾಗಿರುತ್ತದೆ. ಅದರ ಒಳಗಿರುವುದು ನೀಲಿ ಬೆಳಕು ಕೊಡುವ ಒಂದು ಚಿಪ್, ಅದರ ಮೇಲೆ ಹಳದಿ ಪುಡಿಯ ಲೇಪ. ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ ಎನಿಸುತ್ತದೆ, ಆದರೆ ಗಾಢ ಕೆಂಪು ಅದರಲ್ಲಿ ತೀರ ಕಡಿಮೆ. ಬೆಳಕಿನಲ್ಲಿ ಇಲ್ಲದ ಕೆಂಪನ್ನು ಕಿವಿರು ಎಲ್ಲಿಂದ ತೋರಿಸಬೇಕು? ತಾಜಾ ಮೀನೂ ಕಂದಿದಂತೆ ಕಾಣುತ್ತದೆ.

ಇದನ್ನು ಅಳೆಯಲು ಸಿಆರ್‌ಐ ಎಂಬ ಅಂಕಿ ಇದೆ. ನೂರು ಪೂರ್ಣಾಂಕ, ನಮ್ಮಲ್ಲಿ ಸಿಗುವ ಹೆಚ್ಚಿನ ಬಲ್ಬುಗಳ ಡಬ್ಬಿಯಲ್ಲಿ 80 ಎಂದಿರುತ್ತದೆ. ಈ ಅಂಕಿಯಲ್ಲಿ ಒಂದು ತೂತಿದೆ. ಅದು ಎಂಟು ತೆಳುಬಣ್ಣಗಳ ಸರಾಸರಿ; ಒಂಬತ್ತನೆಯದಾದ ಗಾಢ ಕೆಂಪು ಸರಾಸರಿಗೆ ಸೇರುವುದೇ ಇಲ್ಲ. ಹಾಗಾಗಿ 80 ತೆಗೆದ ಬಲ್ಬು ಕೆಂಪಿನಲ್ಲಿ ಸೊನ್ನೆಯ ಹತ್ತಿರ ಇರಬಹುದು. 90 ಎಂದು ಬರೆದ ಬಲ್ಬು ಸಿಕ್ಕರೆ ಸಾಮಾನ್ಯವಾಗಿ ಕೆಂಪೂ ಸುಧಾರಿಸಿರುತ್ತದೆ, ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ದಂಡವಲ್ಲ. ಡಬ್ಬಿಯ ಮಾತು ನಂಬಲು ಮನಸ್ಸಿಲ್ಲದವರು ಅಂಗಡಿಗೆ ಒಂದು ಬ್ಯಾಡಗಿ ಮೆಣಸಿನಕಾಯಿ ಹಿಡಿದು ಹೋಗಬಹುದು. ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡಿ, ಬಳಿಕ ಉರಿಯುವ ಬಲ್ಬಿನ ಕೆಳಗೆ ನೋಡಿ. ಕೆಂಪು ಕಂದಾಗಿ ಕಂಡರೆ ಆ ಬಲ್ಬು ಅಂಗಳಕ್ಕೆ ಸರಿ, ಅಡುಗೆಗೆ ಬೇಡ. ಮೆಣಸು ಇಲ್ಲದಿದ್ದರೆ ಅಂಗೈಯೇ ಸಾಕು. ಕೆಟ್ಟ ಬೆಳಕಿನಲ್ಲಿ ಅಂಗೈ ರಕ್ತವಿಲ್ಲದವರದ್ದರಂತೆ ಬೂದಾಗುತ್ತದೆ. ಗ್ಯಾಸ್‌ಲೈಟಿನಿಂದ ಟ್ಯೂಬ್‌ಲೈಟಿಗೆ ಯಕ್ಷಗಾನದ ರಂಗಸ್ಥಳ ಬದಲಾದಾಗ ಮುಖವರ್ಣಿಕೆಯ ಕೆಂಪು ಸೊರಗಿತೆಂದು ಹಿರಿಯ ಪ್ರೇಕ್ಷಕರು ಗೊಣಗುತ್ತಿದ್ದರು. ಆ ಗೊಣಗಾಟದಲ್ಲಿ ಹುರುಳಿತ್ತು.

ಹಾಗಾದರೆ 2700ರ ಹಳದಿಯನ್ನೇ ಅಡುಗೆಮನೆಗೆ ಹಾಕಿದರೆ ಕೆಂಪು ಚೆನ್ನಾಗಿ ಕಾಣುವುದಿಲ್ಲವೇ? ಕಾಣುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಚೆನ್ನಾಗಿ. ಕಂದಿದ ಕಿವಿರಿಗೂ ಅದು ಬಣ್ಣ ಬಳಿದು ತೋರಿಸುತ್ತದೆ. ಜೊತೆಗೆ ಹಳದಿ ಬೆಳಕಿನಲ್ಲಿ ಬಿಳಿಗೂ ತೆಳು ಹಳದಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ಬಟ್ಟಲಿಗೆ ಅಂಟಿದ ಅರಿಶಿನ ತೊಳೆದು ಹೋಗಿದೆಯೋ ಇಲ್ಲವೋ ತಿಳಿಯುವುದಿಲ್ಲ, ಜುಲೈ ತಿಂಗಳ ಹಪ್ಪಳದ ಮೇಲೆ ಎದ್ದ ಬೂಸು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನನ್ನ ಮತ ನಡುವಿನ 4000ಕ್ಕೆ, ಸಿಆರ್‌ಐ 90ರದ್ದು. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಹೆಚ್ಚಿದಾಗ ತಿರುಳಿನ ಕೇಸರಿ ಬಣ್ಣ ಕೇಸರಿಯಾಗಿಯೇ ಕಾಣುವುದೂ ಇಂಥ ಬೆಳಕಿನಲ್ಲೇ.

ಓದುವ ಮೇಜಿಗೆ ಬರೋಣ. ಇಲ್ಲಿ ಲೆಕ್ಕವೇ ಮುಖ್ಯ, ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ನೆಲದಿಂದ 3 ಮೀಟರ್ ಎತ್ತರದಲ್ಲಿ 9 ವ್ಯಾಟಿನ, 900 ಲ್ಯೂಮೆನ್ನಿನ ಬಲ್ಬು ತೂಗುತ್ತಿದೆ. ಮೇಜಿನ ಎತ್ತರ ಮುಕ್ಕಾಲು ಮೀಟರ್. ನಡುವಿನ ಅಂತರ ಎರಡೂಕಾಲು ಮೀಟರ್. ಇಂಥ ಬಲ್ಬಿನಿಂದ ನೇರ ಕೆಳಗಿರುವ ಪುಸ್ತಕಕ್ಕೆ ಬೀಳುವುದು 30 ಲಕ್ಸ್‌ನ ಆಸುಪಾಸು, ಮೇಜು ಗೋಡೆಯ ಬದಿಗಿದ್ದರೆ ಇನ್ನೂ ಕಡಿಮೆ. ಬಿಳಿ ತಾರಸಿ ಇದ್ದಿದ್ದರೆ ಅದರ ಪ್ರತಿಫಲನ ಒಂದಷ್ಟು ಕೂಡುತ್ತಿತ್ತು, ಹಂಚು ಏನನ್ನೂ ಕೂಡಿಸುವುದಿಲ್ಲ. ಓದುವ ಕೋಣೆಗೆ ಸಂಹಿತೆ ಹೇಳುವುದು 300 ಲಕ್ಸ್. ಅಂದರೆ ಹತ್ತರಲ್ಲಿ ಒಂದು ಪಾಲು ಸಿಕ್ಕಿದೆ. ಮೇಲಿನ ಬಲ್ಬಿನಿಂದಲೇ 300 ಪಡೆಯಬೇಕಾದರೆ ಅಂಥ ಹತ್ತು ಬಲ್ಬು ಬೇಕು.

ಈಗ ಅದೇ ಮೇಜಿಗೆ 5 ವ್ಯಾಟಿನ ಮೇಜುದೀಪ ತನ್ನಿ. ಒಟ್ಟು ಬೆಳಕು 400 ಲ್ಯೂಮೆನ್, ಮರೆಯ ಒಳಗೆ ಒಂದಿಷ್ಟು ನಷ್ಟವಾಗಿ 300 ಹೊರಬರುತ್ತದೆಂದು ಹಿಡಿಯಿರಿ. ಪುಸ್ತಕಕ್ಕೆ ಅದರ ದೂರ ಒಂದೂವರೆ ಅಡಿ. ಹಾಳೆಯ ಮೇಲೆ ಬೀಳುವುದು 450 ಲಕ್ಸ್‌ಗೂ ಮೇಲೆ. ಅರ್ಧ ವಿದ್ಯುತ್ತಿನಲ್ಲಿ ಹದಿನೈದು ಪಟ್ಟು ಬೆಳಕು, ಕೇವಲ ಹತ್ತಿರ ತಂದುದರಿಂದ. ಕಂದೀಲಿನ ಬುಡದಲ್ಲಿ ಕೂತು ಓದಿ ಪಾಸಾದ ತಲೆಮಾರಿಗೆ ಈ ನಿಯಮ ಲೆಕ್ಕವಿಲ್ಲದೆಯೇ ಗೊತ್ತಿತ್ತು.

ಮೇಜುದೀಪ ಕೆಡುವುದು ಇಟ್ಟ ಜಾಗದಿಂದ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಡೆ, ಎಡಗೈಯವರಿಗೆ ಬಲಗಡೆ. ಇಲ್ಲದಿದ್ದರೆ ಬರೆಯುವ ಕೈಯ ನೆರಳು ಬರೆದ ಅಕ್ಷರದ ಮೇಲೆಯೇ. ಮರೆಯ ಕೆಳಅಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು, ಕೂತವರಿಗೆ ಬಲ್ಬಿನ ಮೈ ಕಾಣಬಾರದು. ನುಣುಪು ಕಾಗದದ ಪಠ್ಯಪುಸ್ತಕದ ಮೇಲೆ ಹೊಳಪಿನ ಮಚ್ಚೆ ಕಂಡರೆ ದೀಪವನ್ನು ಮುಂದಿನಿಂದ ಪಕ್ಕಕ್ಕೆ ಸರಿಸಬೇಕು. ಕೋಣೆಯ ಬೇರೆಲ್ಲ ದೀಪ ಆರಿಸಿ ಮೇಜುದೀಪವೊಂದನ್ನೇ ಉರಿಸುವ ಅಭ್ಯಾಸವೂ ಬೇಡ. ಬೆಳಗಿದ ಹಾಳೆಯಿಂದ ಕತ್ತಲ ಗೋಡೆಗೆ, ಗೋಡೆಯಿಂದ ಹಾಳೆಗೆ ಕಣ್ಣು ಪ್ರತಿ ಬಾರಿ ಹೊಂದಿಕೊಳ್ಳುತ್ತ ದಣಿಯುತ್ತದೆ. ಆ 30 ಲಕ್ಸ್‌ನ ಮೇಲಿನ ಬಲ್ಬು ಹಿನ್ನೆಲೆಗೆ ಇರಲಿ, ಅದರ ಉಪಯೋಗ ಅಷ್ಟೇ.

ಮಕ್ಕಳ ಏಕಾಗ್ರತೆಗೆ 6500ರ ಬಿಳಿಯೇ ಬೇಕು ಎಂಬ ಮಾತು ಜಾಹೀರಾತುಗಳಲ್ಲಿ ಓಡಾಡುತ್ತಿದೆ. ಇದಕ್ಕೆ ಪುರಾವೆಯಾಗಿ ತೋರಿಸುವ ಪ್ರಯೋಗಗಳಲ್ಲಿ ಒಂದು ಜರ್ಮನಿಯ ಹ್ಯಾಂಬರ್ಗಿನ ಶಾಲೆಗಳದ್ದು, 2012ರಲ್ಲಿ ಪ್ರಕಟವಾದದ್ದು. ನೀಲಿಬಿಳಿ ಬೆಳಕಿನಲ್ಲಿ ಮಕ್ಕಳ ತಪ್ಪುಗಳು ಕಡಿಮೆಯಾದವು, ಓದಿನ ವೇಗ ಹೆಚ್ಚಿತು ಎಂಬುದು ಸರಿ. ಆದರೆ ಅಲ್ಲಿ ಬೆಳಕಿನ ಬಣ್ಣದೊಂದಿಗೆ ಪ್ರಮಾಣವನ್ನೂ ಏರಿಸಿದ್ದರು. ಲಾಭ ಯಾವುದರಿಂದ ಬಂತೆಂದು ಬಿಡಿಸುವುದು ಕಷ್ಟ. ಅಲ್ಲದೆ ಅದು ಹಗಲಿನ ತರಗತಿ. ರಾತ್ರಿ ಒಂಬತ್ತರ ಓದಿಗೆ ಅದೇ ಫಲ ಬಯಸುವುದು ಸರಿಯಲ್ಲ. ಸಂಜೆಯ ಓದಿಗೆ 4000 ಸಾಕು, ರಾತ್ರಿ ಹತ್ತರ ನಂತರವೂ ಓದುವವರಿಗೆ 3000 ಇನ್ನೂ ಮೇಲು. ಕಪ್ಪಕ್ಷರ ಬಿಳಿಹಾಳೆಯ ಓದಿಗೆ ಬಣ್ಣ ಹೆಚ್ಚಿನ ವ್ಯತ್ಯಾಸ ಮಾಡದು, ಲಕ್ಸ್ ಮಾಡುತ್ತದೆ.

ಮಲಗುವ ಕೋಣೆಯ ವಿಷಯದಲ್ಲಿ ಹೆಚ್ಚು ಸಂಶೋಧನೆ ನಡೆದಿದೆ, ಹೆಚ್ಚು ಅರೆಬರೆ ಮಾತುಗಳೂ ಹರಡಿವೆ. ಕಣ್ಣಿನ ಪರದೆಯಲ್ಲಿ ನೋಟಕ್ಕೆ ನೆರವಾಗುವ ಕೋಶಗಳಲ್ಲದೆ ಹಗಲು ರಾತ್ರಿಯ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಬೇರೊಂದು ಬಗೆಯ ಕೋಶಗಳಿವೆ ಎಂದು 2002ರಲ್ಲಿ ಖಚಿತವಾಯಿತು. ಇವು ಹೆಚ್ಚು ಮಿಡಿಯುವುದು ನೀಲಿಗೆ, 480 ನ್ಯಾನೋಮೀಟರಿನ ಸುತ್ತಮುತ್ತಲಿನ ಬೆಳಕಿಗೆ. ನೀಲಿ ಬಿದ್ದಷ್ಟೂ ನಿದ್ದೆಗೆ ಸಜ್ಜುಮಾಡುವ ಮೆಲಟೋನಿನ್ ಎಂಬ ರಸ ಒಸರುವುದು ತಡವಾಗುತ್ತದೆ. ಇಲ್ಲಿಂದ ‘ಹಳದಿ ಬಲ್ಬು ಹಾಕಿ, ನಿದ್ದೆ ಬರುತ್ತದೆ’ ಎಂಬ ಸಲಹೆಗೆ ಒಂದೇ ಹೆಜ್ಜೆ. ಆ ಹೆಜ್ಜೆಯಲ್ಲೇ ಎಡವುವುದು.

ಅಮೆರಿಕದಲ್ಲಿ 116 ಜನರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಲಗುವ ಮುನ್ನ 200 ಲಕ್ಸ್‌ಗಿಂತ ಕಡಿಮೆಯ ಸಾಧಾರಣ ಕೋಣೆಬೆಳಕನ್ನೂ 3 ಲಕ್ಸ್‌ಗಿಂತ ಕಡಿಮೆಯ ಮಂದ ಬೆಳಕನ್ನೂ ಹೋಲಿಸಿದರು. ಸಾಧಾರಣ ಬೆಳಕಿನಲ್ಲಿದ್ದವರ ಮೆಲಟೋನಿನ್ ಅವಧಿ ಒಂದೂವರೆ ತಾಸಿನಷ್ಟು ಮೊಟಕಾಯಿತು. 2022ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಒಂದು ಮಿತಿ ಸೂಚಿಸಿದರು: ಮಲಗುವ ಮುಂಚಿನ ಮೂರು ತಾಸು ಕಣ್ಣಿಗೆ ಬೀಳುವ ಬೆಳಕು, ಈ ನೀಲಿಸಂವೇದಿ ಕೋಶಗಳ ಲೆಕ್ಕದಲ್ಲಿ, 10 ಲಕ್ಸ್ ಮೀರದಿರಲಿ, ಮಲಗಿದ ಮೇಲೆ 1 ಮೀರದಿರಲಿ.

ಈ ಮಿತಿಯನ್ನು ನಮ್ಮ ಕೋಣೆಗೆ ಹಚ್ಚಿ ನೋಡೋಣ. ಈ ಸಲ ಸ್ಲ್ಯಾಬ್ ಮನೆಯ, ತಿಳಿಬಣ್ಣದ ಸಣ್ಣ ಕೋಣೆ, 20 ವ್ಯಾಟಿನ 6500ರ ಎಲ್‌ಇಡಿ ಟ್ಯೂಬು. ಮಂಚದ ಮೇಲೆ ಕೂತವರ ಕಣ್ಣಿಗೆ 100 ಲಕ್ಸ್ ಬೀಳುತ್ತಿದೆಯೆಂದು ಹಿಡಿಯಿರಿ. 6500ರ ಬೆಳಕಿಗೆ ಆ ಕೋಶಗಳ ಲೆಕ್ಕವೂ ಬಹುತೇಕ ಅಷ್ಟೇ, 90ರ ಆಸುಪಾಸು. ಟ್ಯೂಬು ತೆಗೆದು ಅಷ್ಟೇ ಪ್ರಖರವಾದ 2700ರದ್ದು ಹಾಕಿದರೆ ಲೆಕ್ಕ ಅರ್ಧಕ್ಕಿಳಿದು 45 ಆಗುತ್ತದೆ. ಹತ್ತರ ಮಿತಿಗೆ ಇನ್ನೂ ನಾಲ್ಕು ಪಟ್ಟು ಹೆಚ್ಚು. ಬಣ್ಣ ಬದಲಿಸಿ ಸಿಕ್ಕ ಲಾಭ ಇಷ್ಟೇ. ಈಗ ಆ ಟ್ಯೂಬನ್ನೇ ಆರಿಸಿ ಮಂಚದ ತಲೆಬದಿಯಲ್ಲಿ, ಕಣ್ಣಿಗೆ ನೇರ ಕಾಣದಂತೆ, 3 ವ್ಯಾಟಿನ 2700ರ ಬಲ್ಬು ಉರಿಸಿ. ಕಣ್ಣಿಗೆ 10 ಲಕ್ಸ್ ಬಿದ್ದರೆ ಕೋಶಗಳ ಲೆಕ್ಕದಲ್ಲಿ ಅದು ನಾಲ್ಕೈದು. ಬಣ್ಣ ಬದಲಿಸುವುದರಿಂದ ಅರ್ಧ ಕಡಿಮೆಯಾಗುತ್ತದೆ, ಬೆಳಕು ತಗ್ಗಿಸುವುದರಿಂದ ಹತ್ತು ಪಟ್ಟು ಕಡಿಮೆಯಾಗುತ್ತದೆ. ಮಲಗುವ ಕೋಣೆಯಲ್ಲಿ ಕೆಲ್ವಿನ್ ಅಂಕಿ ನೋಡುವುದಕ್ಕಿಂತ ಮೊದಲು ಲ್ಯೂಮೆನ್ ಅಂಕಿ ನೋಡಬೇಕು ಎನ್ನುವುದು ಇದಕ್ಕೆ. ಹಳದಿಯೇ ಆದರೂ 12 ವ್ಯಾಟಿನ ಬಲ್ಬನ್ನು ನೆತ್ತಿಯ ಮೇಲೆ ಉರಿಸುವವರು ನಿದ್ದೆಗೆ ದೊಡ್ಡ ಉಪಕಾರವನ್ನೇನೂ ಮಾಡಿಕೊಂಡಿಲ್ಲ.

ಇದೆಲ್ಲ ಸರಾಸರಿಯ ಮಾತು ಎಂಬುದನ್ನೂ ಹೇಳಬೇಕು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2019ರಲ್ಲಿ ತೋರಿಸಿದ ಪ್ರಕಾರ ಸಂಜೆಯ ಬೆಳಕಿಗೆ ಸ್ಪಂದಿಸುವುದರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ 50 ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ ಇರಬಹುದು. ಟ್ಯೂಬ್‌ಲೈಟಿನ ಕೆಳಗೇ ಗೊರಕೆ ಹೊಡೆಯುವ ಭಾವನೂ ಬಾಗಿಲ ಸಂದಿಯ ಬೆಳಕಿಗೆ ಎಚ್ಚರಾಗುವ ಅಕ್ಕನೂ ಒಂದೇ ಮನೆಯಲ್ಲಿರುವುದು ಅಸಹಜವಲ್ಲ. ಅಂಥಲ್ಲಿ ದೀಪದ ಆಯ್ಕೆ ಅಕ್ಕನ ಕಣ್ಣಿಗೆ ತಕ್ಕಂತಿರಲಿ.

ರಾತ್ರಿಯಿಡೀ ಉರಿಯುವ ಜೀರೋ ಬಲ್ಬಿನ ವಿಷಯದಲ್ಲಿ ನಮ್ಮವರ ರುಚಿ ಪೂರಾ ಉಲ್ಟಾ. ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ನೀಲಿ, ಹಸಿರು. ತಂಪೆನಿಸುತ್ತದೆ ಎಂದು ಕೊಳ್ಳುತ್ತಾರೆ. ಆ ಕೋಶಗಳು ಹೆಚ್ಚು ಮಿಡಿಯುವುದು ಅದೇ ನೀಲಿಹಸಿರಿನ ಪಟ್ಟಿಯಲ್ಲಿ. ರಾತ್ರಿ ಎದ್ದು ಬಚ್ಚಲಿಗೆ ಹೋಗುವವರಿಗೆ ಅರ್ಧ ವ್ಯಾಟಿನ ಕೆಂಪು ಅಥವಾ ಕಡುಹಳದಿ ದೀಪ ನೆಲದ ಹತ್ತಿರ ಇದ್ದರೆ ದಾರಿ ಕಾಣುತ್ತದೆ, ನಿದ್ದೆ ಕದಡುವುದು ಕಡಿಮೆ. ಕೇಣಿ, ಬೇಲೇಕೇರಿ ಕಡೆ ನಸುಕಿನಲ್ಲೇ ಎದ್ದು ದೋಣಿಗೆ ಹೊರಡುವವರ ಮನೆಗಳಲ್ಲಿ ಇದು ಇನ್ನೂ ಉಪಯೋಗ: ಏಳುವವರು ಬಿಳಿ ದೀಪವನ್ನು ಅಡುಗೆಮನೆಯಲ್ಲಿ ಹಚ್ಚಿಕೊಂಡು ಚಹಾ ಕುಡಿಯಲಿ, ಆ ಹೊತ್ತಿನಲ್ಲಿ ಅವರಿಗೆ ಬೇಕಾದ್ದು ನಿದ್ದೆ ಓಡಿಸುವ ಬೆಳಕೇ, ಮಲಗಿದವರ ಪಾಲಿಗೆ ಕೆಂಪು ದೀಪ ಸಾಕು.

ಬೆಳಕನ್ನು ತಗ್ಗಿಸಲು ಫ್ಯಾನಿನ ರೆಗ್ಯುಲೇಟರಿಗೆ ಎಲ್‌ಇಡಿ ಕೊಡುವ ವಯರಿಂಗ್ ಕೆಲವೆಡೆ ಮಾಡುತ್ತಾರೆ. ಸಾಮಾನ್ಯ ಎಲ್‌ಇಡಿ ಅದಕ್ಕೆ ಬಗ್ಗುವುದಿಲ್ಲ, ಮಿಣಮಿಣ ಎಂದು ಸ್ವಲ್ಪ ದಿನದಲ್ಲಿ ಸುಡುತ್ತದೆ. ಸ್ವಿಚ್ ಆರಿಸಿ ಹಾಕಿದಾಗಲೆಲ್ಲ ಬಿಳಿ, ನಡುಬಿಳಿ, ಹಳದಿ ಎಂದು ಬಣ್ಣ ಬದಲಿಸುವ ತ್ರೀ-ಇನ್-ಒನ್ ಬಲ್ಬುಗಳು ಬಂದಿವೆ. ಇವು ಬಣ್ಣವನ್ನಷ್ಟೇ ಬದಲಿಸುತ್ತವೆ, ಪ್ರಖರತೆ ಹಾಗೆಯೇ ಇರುತ್ತದೆ. ಅಲ್ಲದೆ ಕರೆಂಟು ಹೋಗಿಬಂದರೆ ಮತ್ತೆ ಬಿಳಿಯಾಗಿ ಎಚ್ಚರಿಸುವುದೂ ಉಂಟು. ಎರಡು ಸ್ವಿಚ್ಚು, ಎರಡು ಬಲ್ಬು ಎನ್ನುವ ಹಳೆಯ ಪದ್ಧತಿಗೆ ಸಮನಾದದ್ದು ಇನ್ನೂ ಬಂದಿಲ್ಲ.

ಬಲ್ಬು ಸರಿಯಾಗಿ ಆರಿಸಿದರೂ ಕಣ್ಣುರಿ, ತಲೆನೋವು ಬಂದರೆ ಮಿಡಿತವನ್ನು ಅನುಮಾನಿಸಬೇಕು. ಅಗ್ಗದ ಬಲ್ಬುಗಳ ಒಳಗಿನ ಸರ್ಕೀಟು ಕಳಪೆಯಾದರೆ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ನೇರ ಕಣ್ಣಿಗೆ ಕಾಣದು, ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ ಬಲ್ಬಿಗೆ ಹಿಡಿದರೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಅಂಥದ್ದನ್ನು ಓದುವ ಮೇಜಿಗೆ ಹಾಕಬಾರದು. ತಾಳತಪ್ಪಿ ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಕಾರಣ ಹೆಚ್ಚಾಗಿ ಬಲ್ಬಲ್ಲ, ಹೋಲ್ಡರು. ಸಮುದ್ರದ ಉಪ್ಪುಗಾಳಿಗೆ ಅದರ ಒಳಗಿನ ಪಿನ್ನು ಕಿಲುಬು ಹಿಡಿದಿರುತ್ತದೆ. ಇನ್ನು ಸ್ವಿಚ್ ಆರಿಸಿದ ಮೇಲೂ ಬಲ್ಬು ಕತ್ತಲಲ್ಲಿ ಮಿಣುಕಾಗಿ ಹೊಳೆಯುತ್ತಿದ್ದರೆ ಸ್ವಿಚ್ಚಿನಲ್ಲಿ ಸಣ್ಣ ಕೆಂಪು ಸೂಚಕ ದೀಪ ಇದೆಯೇ ನೋಡಿ. ಇಲ್ಲದಿದ್ದರೆ ಫೇಸಿನ ಬದಲು ನ್ಯೂಟ್ರಲ್ ವಯರು ಸ್ವಿಚ್ಚಿಗೆ ಬಂದಿರುವ ಸಾಧ್ಯತೆ ಇದೆ. ಅದು ಬಲ್ಬು ಬದಲಿಸುವವರ ಕೈಗೆ ಶಾಕ್ ಹೊಡೆಯುವ ತಪ್ಪು, ವಯರ್‌ಮನ್ನರನ್ನು ಕರೆಸಲೇಬೇಕು.

ಮೂರು ಕೋಣೆಗಳಿಗೆ ಮೂರು ಬೆಳಕು ಎಂದು ವಿಂಗಡಿಸುವುದು ಸುಲಭ, ಆದರೆ ಎಷ್ಟೋ ಮನೆಗಳಲ್ಲಿ ಅಜ್ಜಿ ಮಲಗುವುದೂ ಹತ್ತನೇ ಇಯತ್ತೆಯ ಮೊಮ್ಮಗಳು ಓದುವುದೂ ಒಂದೇ ಕೋಣೆಯಲ್ಲಿ. ಅಜ್ಜಿಗೆ ಎಂಟೂವರೆಗೆ ಕತ್ತಲೆ ಬೇಕು, ಹುಡುಗಿಗೆ ಹತ್ತೂವರೆಯವರೆಗೆ 300 ಲಕ್ಸ್ ಬೇಕು. ಇಲ್ಲಿ ಟ್ಯೂಬು ಗುಡಿಸುವುದಕ್ಕೂ ಬಟ್ಟೆ ಮಡಚುವುದಕ್ಕೂ ಮೀಸಲಿರಲಿ. ಮೇಜನ್ನು ಮಂಚದ ಕಾಲ್ಬದಿಯ ಗೋಡೆಗೆ ಆನಿಸಿ, ಹುಡುಗಿ ಗೋಡೆಯತ್ತ ಮುಖಮಾಡಿ ಕೂರುವಂತಿರಲಿ. ಆಳವಾದ ಮರೆಯಿರುವ 5 ವ್ಯಾಟಿನ ದೀಪ, 3000ದ್ದು. ಹಿನ್ನೆಲೆಗೆ ಮೇಜಿನ ಹಿಂದಿನ ಗೋಡೆಗೇ ತಿರುಗಿಸಿಟ್ಟ ಇನ್ನೊಂದು 3 ವ್ಯಾಟಿನ ಹಳದಿ ಬಲ್ಬು. ಎಲ್ಲ ಹೊಂದಿಸಿದ ಮೇಲೆ ಒಬ್ಬರು ಅಜ್ಜಿಯ ದಿಂಬಿಗೆ ತಲೆಯಿಟ್ಟು ನೋಡಬೇಕು. ಬಲ್ಬಿನ ಮೈ ಒಂದಿಷ್ಟಾದರೂ ಕಂಡರೆ ಮರೆಯನ್ನು ಇನ್ನೂ ಬಗ್ಗಿಸಬೇಕು ಅಥವಾ ಮೇಜನ್ನು ಒಂದಡಿ ಸರಿಸಬೇಕು. ಗೋಡೆಯ ಮೇಲಿನ ಹೊಳಪಷ್ಟೇ ಕಂಡರೆ ಹಾಗೆಯೇ ಬಿಡಬಹುದು.